ಬಾಕಿ ಬಿಲ್ಲುಗಳ ಬೆಳಗಿನ ಮೇಲ್

ಪೀಣ್ಯದ ಯಾವುದಾದರೂ ಬಿಡಿಭಾಗ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಅರ್ಧ ದಿನ ಕೂತರೆ ಒಂದು ಫೋನ್ ಮಾತುಕತೆ ಖಂಡಿತ ಕಿವಿಗೆ ಬೀಳುತ್ತದೆ. “ಸರ್, ಮಾಲು ಕೊಟ್ಟು ಒಂದೂವರೆ ತಿಂಗಳಾಯ್ತು, ನಮ್ಮ ಬಿಲ್ ಎಲ್ಲಿಗೆ ಬಂತು?” ಎಂದು ಆ ಕಡೆಯಿಂದ ಸಪ್ಲೈಯರ್ ಕೇಳುತ್ತಾರೆ. “ಮ್ಯಾನೇಜರ್ ಅಪ್ರೂವಲ್‌ಗೆ ಹೋಗಿದೆ, ವಿಚಾರಿಸ್ತೀನಿ” ಎಂದು ಈ ಕಡೆಯ ಗುಮಾಸ್ತರು ಹೇಳುತ್ತಾರೆ. ಮ್ಯಾನೇಜರನ್ನು ಕೇಳಿದರೆ “ನನ್ನ ಹತ್ರ ಯಾವ ಬಿಲ್ಲೂ ಇಲ್ವಲ್ಲ” ಎಂಬ ಉತ್ತರ. ಅವರು ಸುಳ್ಳು ಹೇಳುತ್ತಿಲ್ಲ. ಬಿಲ್ಲು ಕಾಗದದ ರೂಪದಲ್ಲಿ ಅವರ ಟೇಬಲ್ ಮೇಲಿಲ್ಲ. ಕಂಪ್ಯೂಟರಿನೊಳಗೆ, ಅವರ ಹೆಸರಿನ ಸರದಿಯಲ್ಲಿ ಕೂತಿದೆ. ಲಾಗಿನ್ ಆಗಿ ನೋಡಿದವರಿಗಷ್ಟೇ ಅದು ಕಾಣುತ್ತದೆ. ಶಾಪ್ ಫ್ಲೋರಿನಲ್ಲಿ ಯಂತ್ರ ಕೆಟ್ಟು ನಿಂತಿರುವಾಗ ಲಾಗಿನ್ ಆಗಿ ಬಿಲ್ ನೋಡುವ ಪುರುಸೊತ್ತು ಯಾರಿಗಿರುತ್ತದೆ?

ಇದಕ್ಕೆ ಬಹುತೇಕ ಕಂಪನಿಗಳು ಕಂಡುಕೊಳ್ಳುವ ಪರಿಹಾರ ಒಂದೇ. ಯಾರ್‍ಯಾರ ಬಳಿ ಏನೇನು ಬಾಕಿ ಇದೆ ಎಂದು ಕಂಪ್ಯೂಟರೇ ದಿನಾ ಬೆಳಿಗ್ಗೆ ಲೆಕ್ಕ ಹಾಕಿ ಒಂದು ಮೇಲ್ ಕಳಿಸಲಿ ಎನ್ನುವುದು. ನಿಗದಿತ ಹೊತ್ತಿಗೆ ತಾನಾಗಿ ಓಡುವ ಇಂಥ ಪುಟ್ಟ ಪ್ರೋಗ್ರಾಮನ್ನು ಬರೆಯಲು ಅನುಭವವಿರುವ ಒಬ್ಬ ಪ್ರೋಗ್ರಾಮರಿಗೆ ಒಂದು ಮಧ್ಯಾಹ್ನ ಸಾಕು. ಆದರೆ ಒಂದು ಮಧ್ಯಾಹ್ನದಲ್ಲಿ ಹುಟ್ಟಿದ ಮೇಲನ್ನು ತಿಂಗಳ ನಂತರವೂ ಜನ ತೆರೆದು ಓದುತ್ತಾರೆಯೇ ಎನ್ನುವುದು ಬೇರೆಯೇ ಪ್ರಶ್ನೆ. ಸಾಮಾನ್ಯವಾಗಿ ಓದುವುದಿಲ್ಲ.

ಅವಸರದಲ್ಲಿ ಹುಟ್ಟಿದ ಮೊದಲ ಮೇಲ್ ಹೇಗಿರುತ್ತದೆಂದು ನೋಡಿದರೆ ಕಾರಣ ತಿಳಿಯುತ್ತದೆ. ವಿಷಯದ ಸಾಲಿನಲ್ಲಿ ‘ಪೆಂಡಿಂಗ್ ಅಪ್ರೂವಲ್ಸ್ ರಿಪೋರ್ಟ್’ ಎಂದಿರುತ್ತದೆ, ಪ್ರತಿದಿನವೂ ಅದೇ. ಒಳಗೆ ಅರವತ್ತು ಎಪ್ಪತ್ತು ಸಾಲುಗಳ ಕೋಷ್ಟಕ: ಬಿಲ್ ಸಂಖ್ಯೆ, ಸಪ್ಲೈಯರ್ ಕೋಡ್, ದಿನಾಂಕ, ಮೊತ್ತ, ಸ್ಥಿತಿ. ಕಂಪನಿಯ ಹನ್ನೆರಡು ಮ್ಯಾನೇಜರುಗಳಿಗೂ ಒಂದೇ ಪಟ್ಟಿ ಹೋಗುತ್ತದೆ. ತಮ್ಮ ಹೆಸರಿನ ಮುಂದೆ ಏನಿದೆ ಎಂದು ಅವರವರೇ ಹುಡುಕಿಕೊಳ್ಳಬೇಕು. ಫೋನಿನಲ್ಲಿ ಆ ಕೋಷ್ಟಕದ ಎಡಗಡೆಯ ಎರಡು ಕಾಲಂ ಮಾತ್ರ ಕಾಣುತ್ತದೆ. ನಿನ್ನೆಯ ಪಟ್ಟಿಗೂ ಇಂದಿನದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನೇ ವಾರಕ್ಕೆ ಯಾರೋ ಒಬ್ಬರು ಆ ಮೇಲ್ ಬಂದ ಕೂಡಲೇ ಬೇರೆ ಫೋಲ್ಡರಿಗೆ ಹೋಗುವಂತೆ ನಿಯಮ ಹಾಕಿಕೊಳ್ಳುತ್ತಾರೆ, ಮೂರನೇ ವಾರಕ್ಕೆ ಅದು ಹೇಗೆಂದು ಉಳಿದವರಿಗೂ ಹೇಳಿಕೊಡುತ್ತಾರೆ. ಸಪ್ಲೈಯರ್ ಮತ್ತೆ ಫೋನ್ ಮಾಡಿದಾಗ ಅಕೌಂಟ್ಸ್‌ನವರಿಗೆ ಹೇಳಲು ಹೊಸದೊಂದು ಮಾತು ಸಿಕ್ಕಿರುತ್ತದೆ: “ಸರ್, ಮೇಲ್ ಕಳಿಸ್ತಾನೇ ಇದೀವಿ.”

ಹಾಗಾದರೆ ಓದಿಸಿಕೊಳ್ಳುವ ಮೇಲ್ ಹೇಗೆ ಮಾಡುವುದು? ಇದನ್ನು ಸರಿಯಾಗಿ ಮಾಡಿದವರನ್ನು ಕೇಳಿದರೆ ಅವರು ಬಣ್ಣ, ಅಕ್ಷರದ ಗಾತ್ರಗಳಿಂದ ಶುರು ಮಾಡುವುದಿಲ್ಲ. ಯಾವ ಬಿಲ್ಲನ್ನು ‘ಬಾಕಿ’ ಎಂದು ಎಣಿಸಬೇಕು ಎನ್ನುವಲ್ಲಿಂದ ಶುರು ಮಾಡುತ್ತಾರೆ.

ಕಾರ್ಖಾನೆಯಲ್ಲಿ ಒಂದು ಬಿಲ್ಲು ನಡೆಯುವ ದಾರಿ ಉದ್ದ. ಮಾಲು ಗೇಟಿಗೆ ಬರುತ್ತದೆ, ಸ್ಟೋರ್ಸ್‌ನವರು ಎಣಿಸಿ ಜಿಆರ್‌ಎನ್ ಹಾಕುತ್ತಾರೆ, ಕ್ವಾಲಿಟಿಯವರು ಪರೀಕ್ಷೆ ಮಾಡಿ ಒಪ್ಪುತ್ತಾರೆ. ಆಮೇಲೆ ಅಕೌಂಟ್ಸ್‌ನವರು ಪರ್ಚೇಸ್ ಆರ್ಡರ್, ಜಿಆರ್‌ಎನ್ ಮತ್ತು ಬಿಲ್ ಮೂರನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಬಳಿಕ ಮಾಲು ತರಿಸಿದ ವಿಭಾಗದ ಮ್ಯಾನೇಜರ್ ಪಾಸ್ ಮಾಡಬೇಕು, ಕೊನೆಗೆ ಫೈನಾನ್ಸ್ ವಿಭಾಗದವರು ಹಣ ಕಳಿಸಬೇಕು. ಕಂಪ್ಯೂಟರಿನ ಕಣ್ಣಿಗೆ ಈ ದಾರಿಯ ನಡುವೆ ಎಲ್ಲಿದ್ದರೂ ಅದು ಬಾಕಿಯೇ. ಆದರೆ ಮ್ಯಾನೇಜರ್ ಪಾಲಿಗೆ ಬಾಕಿ ಎಂದರೆ ಅವರು ಈಗ ಒಂದು ನಿರ್ಧಾರ ತೆಗೆದುಕೊಂಡರೆ ಮುಂದಕ್ಕೆ ಹೋಗುವ ಬಿಲ್ಲು ಮಾತ್ರ. ದರ ತಪ್ಪಿದೆ ಎಂದು ಅವರು ವಾಪಸ್ ಕಳಿಸಿದ ಬಿಲ್ಲು ಸಪ್ಲೈಯರ್ ಬಳಿ ಇದೆ. ಅದನ್ನು ಅವರ ಪಟ್ಟಿಯಲ್ಲಿ ತೋರಿಸಿದರೆ “ನಾನು ಮಾಡಬೇಕಾದ್ದು ಮಾಡಿಯಾಯ್ತಲ್ಲ” ಎಂಬ ಸಿಟ್ಟು ಬರುತ್ತದೆ, ಪಟ್ಟಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ರಜೆಯ ಮೇಲಿರುವ ಮ್ಯಾನೇಜರ್ ತಮ್ಮ ಅಧಿಕಾರವನ್ನು ಇನ್ನೊಬ್ಬರಿಗೆ ವಹಿಸಿದ್ದರೆ ಆ ಬಿಲ್ಲುಗಳು ಅಷ್ಟು ದಿನ ಆ ಇನ್ನೊಬ್ಬರ ಮೇಲಿನಲ್ಲೇ ಬರಬೇಕು. ಒಬ್ಬರಿಗೆ ಒಂದೇ ಮೇಲ್, ಅದರಲ್ಲಿ ಅವರೇ ಮಾಡಬೇಕಾದ ಕೆಲಸ ಮಾತ್ರ. ಇಷ್ಟು ಮಾಡಿದರೇ ಎಪ್ಪತ್ತು ಸಾಲಿನ ಪಟ್ಟಿ ಎಂಟು ಹತ್ತಕ್ಕೆ ಇಳಿಯುತ್ತದೆ.

ಇನ್ನು ಉಳಿದ ಎಂಟು ಹತ್ತರಲ್ಲಿ ಯಾವುದು ಮೇಲೆ ಬರಬೇಕು? ಇಡೀ ಮೇಲಿನ ಬೆಲೆ ನಿಂತಿರುವುದು ಇಲ್ಲಿ, ತಪ್ಪುವುದೂ ಹೆಚ್ಚಾಗಿ ಇಲ್ಲೇ.

ಎಲ್ಲರಿಗೂ ಮೊದಲು ಹೊಳೆಯುವ ಉತ್ತರ, ಹಳೆಯದು ಮೇಲೆ ಎಂದು. ಮ್ಯಾನೇಜರ್ ಬಳಿ ಹನ್ನೆರಡು ದಿನದಿಂದ ಇರುವುದು ಮೊದಲು, ಮೊನ್ನೆ ಬಂದದ್ದು ಕೊನೆಗೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಣ ಕೊಡಬೇಕಾದ ಗಡುವು ಮ್ಯಾನೇಜರ್ ಬಳಿಗೆ ಬಿಲ್ಲು ಬಂದ ದಿನದಿಂದ ಶುರುವಾಗುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ತರಿಸಿಕೊಂಡವರು ಅದನ್ನು ಒಪ್ಪಿಕೊಂಡ ದಿನದಿಂದ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟರೊಳಗೆ. ಒಪ್ಪಂದವೇ ಇಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇದರ ಜೊತೆಗೆ, ಇಂಥ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕೊಟ್ಟ ವರ್ಷದ ಖರ್ಚಾಗಿಯೇ ತೋರಿಸಬೇಕೆಂಬ ನಿಯಮವನ್ನು ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ 2023ರ ಬಜೆಟ್ಟಿನಲ್ಲಿ ಸೇರಿಸಿದ ಮೇಲೆ, ಮಾರ್ಚ್ ತಿಂಗಳಲ್ಲಿ ಪಾಸಾಗದೆ ಉಳಿದ ಬಿಲ್ಲುಗಳು ಲೆಕ್ಕಪರಿಶೋಧಕರ ನಿದ್ದೆ ಕೆಡಿಸತೊಡಗಿವೆ.

ಅಂದರೆ ಪ್ರತಿ ಬಿಲ್ಲಿಗೂ ಎರಡು ಗಡಿಯಾರಗಳಿವೆ. ಮ್ಯಾನೇಜರ್ ಬಳಿ ಎಷ್ಟು ದಿನದಿಂದ ಇದೆ ಎನ್ನುವುದು ಒಂದು. ಹಣ ಕೊಡಲು ಇನ್ನೆಷ್ಟು ದಿನ ಉಳಿದಿದೆ ಎನ್ನುವುದು ಇನ್ನೊಂದು. ಬೆಳಗಿನ ಮೇಲಿಗೆ ಬೇಕಾದದ್ದು ಎರಡನೆಯದು.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡಬಹುದು. ದಿನ 2025ರ ಜೂನ್ 2, ಸೋಮವಾರ. ಮೆಂಟೆನೆನ್ಸ್ ಮ್ಯಾನೇಜರ್ ಬಳಿ ಒಂಬತ್ತು ಬಿಲ್ಲುಗಳಿವೆ ಎಂದುಕೊಳ್ಳೋಣ. ಎಲ್ಲಕ್ಕಿಂತ ಹಳೆಯದು ಒಂದು ದೊಡ್ಡ ಕಂಪನಿಯ ಕಂಪ್ರೆಸರ್ ಬಿಲ್ಲು. ಹನ್ನೆರಡು ದಿನದಿಂದ ಕಾಯುತ್ತಿದೆ, ಆದರೆ ಅದರ ಒಪ್ಪಂದದಲ್ಲಿ 60 ದಿನಗಳ ಕಾಲಾವಕಾಶವಿದೆ. ಹೊಸದು, ಸಣ್ಣ ವರ್ಕ್‌ಶಾಪೊಂದು ಮಾಡಿಕೊಟ್ಟ ಬೇರಿಂಗ್ ಹೌಸಿಂಗ್ ಜಾಬ್ ವರ್ಕ್‌ನ ₹1,84,500 ಬಿಲ್ಲು. ಅದು ಮ್ಯಾನೇಜರ್ ಬಳಿ ಬಂದದ್ದು ಮೇ 30ರ ಶುಕ್ರವಾರ. ಹಳೆಯದು ಮೇಲೆ ಎಂಬ ನಿಯಮದಲ್ಲಿ ಇದು ಒಂಬತ್ತನೇ ಸಾಲಿನಲ್ಲಿ ಇರುತ್ತದೆ. ಆದರೆ ಆ ಮಾಲನ್ನು ಕಾರ್ಖಾನೆ ಒಪ್ಪಿಕೊಂಡದ್ದು ಏಪ್ರಿಲ್ 22ರಂದು. ಅಲ್ಲಿಂದ 45 ದಿನ ಎಣಿಸಿದರೆ ಜೂನ್ 6, ಶುಕ್ರವಾರ.

ಹಾಗೆಂದು ಶುಕ್ರವಾರದೊಳಗೆ ಪಾಸ್ ಮಾಡಿ ಎಂದರೂ ತಪ್ಪಾಗುತ್ತದೆ. ಈ ಕಾರ್ಖಾನೆಯಲ್ಲಿ ಹಣ ಕಳಿಸುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಅದಕ್ಕೆ ಮುಂಚೆ ಫೈನಾನ್ಸ್‌ನವರಿಗೆ ಪರಿಶೀಲನೆಗೆ ಒಂದು ಪೂರ್ತಿ ಕೆಲಸದ ದಿನ ಬೇಕು ಎಂದಿಟ್ಟುಕೊಂಡರೆ, ಶುಕ್ರವಾರ ಹಣ ಹೋಗಲು ಗುರುವಾರ ಬಿಲ್ಲು ಫೈನಾನ್ಸ್ ಕೈಯಲ್ಲಿರಬೇಕು. ಮ್ಯಾನೇಜರ್ ಬುಧವಾರ ಸಂಜೆಯೊಳಗೆ ಪಾಸ್ ಮಾಡಿರಬೇಕು. ಇದೇ ಪಟ್ಟಿಯಲ್ಲಿ ಇನ್ನೊಂದು ಸಣ್ಣ ಉದ್ಯಮದ ಬಿಲ್ಲಿದೆ, ಮಾಲು ಒಪ್ಪಿದ್ದು ಏಪ್ರಿಲ್ 25. ಅದರ ಗಡುವು ಜೂನ್ 9, ಸೋಮವಾರ. ಕಾಗದದ ಮೇಲೆ ಮೂರು ದಿನ ಹೆಚ್ಚಿಗೆ ಇದೆ. ಆದರೆ ಜೂನ್ 9ಕ್ಕೆ ಮುಂಚೆ ಹಣ ಕಳಿಸುವ ಕೊನೆಯ ದಿನವೂ ಅದೇ ಜೂನ್ 6ರ ಶುಕ್ರವಾರ. ಹೀಗಾಗಿ ಇದಕ್ಕೂ ಬುಧವಾರವೇ ಕೊನೆ. ಇಂಥ ಹಿಮ್ಮುಖ ಲೆಕ್ಕವನ್ನು ಗಡಿಬಿಡಿಯಲ್ಲಿರುವ ಮನುಷ್ಯರು ಮನಸ್ಸಿನಲ್ಲೇ ಮಾಡಿಕೊಳ್ಳಲಿ ಎಂದು ಬಯಸುವುದು ಸರಿಯಲ್ಲ. ಅದನ್ನು ಮಾಡಲೆಂದೇ ಆ ಪ್ರೋಗ್ರಾಮ್ ಇರುವುದು. ಕಂಪನಿಯ ರಜೆಗಳು, ಎರಡನೇ ಮತ್ತು ನಾಲ್ಕನೇ ಶನಿವಾರದ ಬ್ಯಾಂಕ್ ರಜೆ, ಹಣ ಕಳಿಸುವ ದಿನಗಳು, ಇಷ್ಟನ್ನು ಒಂದು ಪುಟ್ಟ ಟೇಬಲ್ಲಿನಲ್ಲಿ ತುಂಬಿಟ್ಟರೆ ಉಳಿದದ್ದು ಕೂಡಿಸಿ ಕಳೆಯುವ ಲೆಕ್ಕ.

ಎಡವಿದರೆ ಎಷ್ಟು ನಷ್ಟ? ಬ್ಯಾಂಕ್ ದರ ಶೇ 6 ಎಂದು ಹಿಡಿದರೆ ಬಡ್ಡಿ ವರ್ಷಕ್ಕೆ ಶೇ 18. ₹1,84,500ಕ್ಕೆ ತಿಂಗಳಿಗೆ ಸುಮಾರು ₹2,770. ಕಾರ್ಖಾನೆಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಆ ವರ್ಕ್‌ಶಾಪಿನ ಮಾಲೀಕರಿಗೆ ಒಂದು ಲಕ್ಷ ಎಂಬತ್ತು ಸಾವಿರ ಎಂದರೆ ಕೆಲಸಗಾರರ ಸಂಬಳ, ಬಾಡಿಗೆ, ಮುಂದಿನ ಆರ್ಡರಿನ ಕಬ್ಬಿಣ ಎಲ್ಲವೂ ಹೌದು. ಮೇಲಿನ ಒಂಬತ್ತನೇ ಸಾಲಿಗೆ ತಳ್ಳಬಾರದ ಸಂಗತಿ ಇದು.

ಪ್ರತಿ ಕೆಲಸಕ್ಕೂ ಅದರದೇ ಗಡುವು, ಆ ಗಡುವಿನ ಮೇಲೆ ಕಣ್ಣು ಎಂಬ ಕ್ರಮ ಕರ್ನಾಟಕದ ಓದುಗರಿಗೆ ಹೊಸದಲ್ಲ. 2011ರ ಸಕಾಲ ಕಾಯ್ದೆಯಡಿ ಅರ್ಜಿ ಹಾಕಿದವರಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಜನನ ಪ್ರಮಾಣಪತ್ರಕ್ಕೆ ಇಷ್ಟು ದಿನ ಎಂದು ಸೇವೆಗೊಂದು ಕಾಲಮಿತಿ ಇದೆ. ತಡವಾದರೆ ದಿನಕ್ಕೆ ₹20ರಂತೆ, ₹500 ಮೀರದಂತೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು. ಅಲ್ಲಿಯೂ ಅರ್ಜಿ ಎಷ್ಟು ಹಳೆಯದು ಎನ್ನುವುದಕ್ಕಿಂತ ಅದರ ಕಾಲಮಿತಿಗೆ ಎಷ್ಟು ದಿನ ಉಳಿದಿದೆ ಎನ್ನುವುದೇ ಮುಖ್ಯ.

ಈ ಲೆಕ್ಕವೆಲ್ಲ ಮುಗಿದ ಮೇಲೆ ಮ್ಯಾನೇಜರ್ ಫೋನಿಗೆ ಬರಬೇಕಾದ ಮೇಲ್ ಇಷ್ಟೇ:

```
ವಿಷಯ: 2 ಬಿಲ್ ಬುಧವಾರದೊಳಗೆ, ಒಟ್ಟು 9 ಬಾಕಿ – ಜೂನ್ 2

ಬುಧವಾರ (ಜೂನ್ 4) ಸಂಜೆಯೊಳಗೆ ಪಾಸಾಗಬೇಕು:

ಬೇರಿಂಗ್ ಹೌಸಿಂಗ್ ಜಾಬ್ ವರ್ಕ್, ₹1,84,500
ಪಾವತಿ ಗಡುವು ಜೂನ್ 6. ನಿಮ್ಮ ಬಳಿ ಮೇ 30ರಿಂದ.
ಬಿಲ್ ನೋಡಿ

ಪ್ಯಾನೆಲ್ ವೈರಿಂಗ್, ₹62,300
ಪಾವತಿ ಗಡುವು ಜೂನ್ 9. ನಿಮ್ಮ ಬಳಿ ಮೇ 28ರಿಂದ.
ಬಿಲ್ ನೋಡಿ

ಉಳಿದ 7 ಬಿಲ್‌ಗಳಿಗೆ ಜೂನ್ 16ರವರೆಗೆ ಸಮಯವಿದೆ.
ಎಲ್ಲವನ್ನೂ ನೋಡಿ

ಬೆಳಿಗ್ಗೆ 8.50ರ ಮಾಹಿತಿ. ನಿಮ್ಮದಲ್ಲದ ಬಿಲ್ ಇದ್ದರೆ
ಈ ಮೇಲಿಗೇ ಉತ್ತರಿಸಿ; ಅಕೌಂಟ್ಸ್ ವಿಭಾಗಕ್ಕೆ ತಲುಪುತ್ತದೆ.
```

ಇದರ ಒಂದೊಂದು ಸಾಲಿಗೂ ಕಾರಣವಿದೆ. ಫೋನಿನಲ್ಲಿ ವಿಷಯದ ಸಾಲಿನ ಕೊನೆ ಕತ್ತರಿಸಿ ಹೋಗುವುದರಿಂದ ಅವಸರದ ಮಾತು ಮೊದಲಿಗೆ ಬಂದಿದೆ. ಮೇಲನ್ನು ತೆರೆಯದೆ ಇದ್ದರೂ ‘2 ಬಿಲ್ ಬುಧವಾರದೊಳಗೆ’ ಎಂಬಷ್ಟು ಕಣ್ಣಿಗೆ ಬಿದ್ದಿರುತ್ತದೆ. ದಿನಾಂಕ ಕೊನೆಯಲ್ಲಿದೆ, ಆದರೆ ಇರಲೇಬೇಕು. ಒಂದೇ ವಿಷಯದ ಸಾಲಿನ ಮೇಲ್‌ಗಳನ್ನು ಜಿಮೇಲ್ ಒಂದೇ ಗುಂಪಾಗಿ ಕಟ್ಟಿಡುತ್ತದೆ; ಆಗ ಇಂದಿನದು ಯಾವುದು, ಮೊನ್ನೆಯದು ಯಾವುದು ಎಂಬ ಗೊಂದಲ ಹುಟ್ಟುತ್ತದೆ. ಬಿಲ್ ಸಂಖ್ಯೆಯ ಬದಲು ಕೆಲಸದ ಹೆಸರು ಬಂದಿದೆ, ಯಾಕೆಂದರೆ ಮ್ಯಾನೇಜರಿಗೆ ನೆನಪಿರುವುದು ‘ಪ್ಯಾನೆಲ್ ವೈರಿಂಗ್ ಮಾಡಿಸಿದ್ದು’, ಹನ್ನೆರಡು ಅಂಕಿಯ ಸಂಖ್ಯೆಯಲ್ಲ. ಅವಸರವಿಲ್ಲದ ಏಳು ಬಿಲ್ಲುಗಳನ್ನು ಒಂದೇ ಸಾಲಿನಲ್ಲಿ ಹೇಳಿರುವುದು ಕೂಡ ಮುಖ್ಯ. ಅವುಗಳನ್ನು ಪೂರಾ ಬಚ್ಚಿಟ್ಟರೆ ಲೆಕ್ಕ ತಪ್ಪಿದೆ ಎಂಬ ಅನುಮಾನ ಬರುತ್ತದೆ, ಪೂರಾ ಬಿಚ್ಚಿಟ್ಟರೆ ಮೊದಲ ಎರಡು ಮುಚ್ಚಿಹೋಗುತ್ತವೆ.

‘ಬಿಲ್ ನೋಡಿ’ ಎಂದಿರುವಲ್ಲಿ ‘ಪಾಸ್ ಮಾಡಿ’ ಎಂಬ ಗುಂಡಿಯನ್ನೇ ಇಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ಒತ್ತಿಗೆ ಕೆಲಸ ಮುಗಿಯುತ್ತದೆ. ಆದರೆ ಇದು ಅಪಾಯದ ದಾರಿ. ದೊಡ್ಡ ಕಂಪನಿಗಳ ಮೇಲ್ ವ್ಯವಸ್ಥೆಗಳಲ್ಲಿ ಸುರಕ್ಷತೆಗಾಗಿ ಒಂದು ತಂತ್ರಾಂಶ ಕೂತಿರುತ್ತದೆ. ಒಳಗೆ ಬರುವ ಮೇಲಿನ ಕೊಂಡಿಗಳನ್ನೆಲ್ಲ ಮನುಷ್ಯರು ನೋಡುವ ಮೊದಲೇ ತಾನು ತೆರೆದು, ಅಲ್ಲಿ ಮೋಸದ ಪುಟವಿದೆಯೇ ಎಂದು ಪರೀಕ್ಷಿಸುತ್ತದೆ. ಕೊಂಡಿಯನ್ನು ತೆರೆದ ಕೂಡಲೇ ಬಿಲ್ಲು ಪಾಸಾಗುವಂತೆ ಮಾಡಿದ್ದರೆ, ಮ್ಯಾನೇಜರ್ ಇನ್ನೂ ಮನೆಯಲ್ಲಿ ಕಾಫಿ ಕುಡಿಯುತ್ತಿರುವಾಗಲೇ ಆ ತಂತ್ರಾಂಶ ಎರಡೂ ಬಿಲ್ಲುಗಳನ್ನು ಪಾಸ್ ಮಾಡಿಬಿಡುತ್ತದೆ. ದಾಖಲೆಯಲ್ಲಿ ಮಾತ್ರ ಮ್ಯಾನೇಜರ್ ಹೆಸರಿರುತ್ತದೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ: ಮೇಲ್ ಹೋದ ಒಂದೆರಡು ಸೆಕೆಂಡಿನಲ್ಲೇ, ಎಲ್ಲ ಬಿಲ್ಲುಗಳೂ ಒಂದೇ ಹೊತ್ತಿಗೆ ಪಾಸಾಗಿದ್ದರೆ ಅದು ಮನುಷ್ಯರ ಕೈಯ ಕೆಲಸವಲ್ಲ. ಹಾಗಾಗಿ ಮೇಲಿನ ಕೊಂಡಿ ಬಿಲ್ಲಿನ ಪುಟಕ್ಕೆ ಕರೆದೊಯ್ಯಬೇಕು, ಅಷ್ಟೇ. ಅಲ್ಲಿ ಲಾಗಿನ್ ಆಗಿ, ಜಿಆರ್‌ಎನ್ ನೋಡಿ, ಆಮೇಲೆ ಒತ್ತಬೇಕು. ಮೇಲನ್ನು ಬೇರೆಯವರಿಗೆ ಫಾರ್ವರ್ಡ್ ಮಾಡಿದರೂ ಅಧಿಕಾರ ಫಾರ್ವರ್ಡ್ ಆಗಬಾರದು.

ಮೇಲ್ ಯಾವ ಹೊತ್ತಿಗೆ ಹೋಗಬೇಕು ಎಂಬುದು ಸುಲಭದ ಪ್ರಶ್ನೆ ಎನ್ನಿಸಬಹುದು. ಒಂಬತ್ತಕ್ಕೆ ಶಿಫ್ಟಿನ ಮೊದಲ ಗಡಿಬಿಡಿ ಮುಗಿದಿರುತ್ತದೆ, ಹತ್ತಕ್ಕೆ ಮೀಟಿಂಗ್ ಶುರುವಾಗುತ್ತದೆ, ಹಾಗಾಗಿ ಒಂಬತ್ತೇ ಸರಿ ಎಂದುಕೊಳ್ಳೋಣ. ಇಂಥ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸಲು ಯುನಿಕ್ಸ್ ಮಾದರಿಯ ಕಂಪ್ಯೂಟರುಗಳಲ್ಲಿ ಕ್ರಾನ್ ಎಂಬ ವ್ಯವಸ್ಥೆ ಇದೆ. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಇತ್ತು, ಇವತ್ತಿಗೂ ಬಳಕೆಯಲ್ಲಿದೆ. ಅದಕ್ಕೆ ಒಂದು ಸಾಲು ಬರೆದರೆ ಸಾಕು. ಆದರೆ ಬಾಡಿಗೆಗೆ ಪಡೆದ ಸರ್ವರುಗಳ ಗಡಿಯಾರ ಬಹುಮಟ್ಟಿಗೆ ಭಾರತದ ಸಮಯದಲ್ಲಿ ಇರುವುದಿಲ್ಲ, ಯುಟಿಸಿಯಲ್ಲಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಒಂಬತ್ತು ಗಂಟೆ ಎಂದು ಬರೆದರೆ ಮೇಲ್ ಬರುವುದು ಮಧ್ಯಾಹ್ನ ಎರಡೂವರೆಗೆ. ಭಾರತದ ಒಂಬತ್ತು ಬೇಕಿದ್ದರೆ ಸೋಮವಾರದಿಂದ ಶನಿವಾರದವರೆಗೆ ಮೂರೂವರೆಗೆ ಎಂದು ಬರೆಯಬೇಕು:

```
30 3 * * 1-6 /opt/digest/run.sh
```

ಮಧ್ಯಾಹ್ನ ಬಂದ ಮೇಲನ್ನು ಮೊದಲ ದಿನವೇ ಯಾರಾದರೂ ಗಮನಿಸುತ್ತಾರೆ, ತಿದ್ದುತ್ತಾರೆ. ಕಾಣದೆ ಕಾಡುವ ತಪ್ಪು ಬೇರೆ ಇದೆ. ಮುಂಜಾನೆ ಐದಕ್ಕೇ ಮೇಲ್ ಹೋಗಲಿ ಎಂದು ಯಾರೋ ಬದಲಾಯಿಸುತ್ತಾರೆ ಎನ್ನಿ. ಭಾರತದಲ್ಲಿ ಸೋಮವಾರ ಬೆಳಗಿನ ಐದು ಗಂಟೆ ಎಂದರೆ ಯುಟಿಸಿಯಲ್ಲಿ ಇನ್ನೂ ಭಾನುವಾರ ರಾತ್ರಿ ಹನ್ನೊಂದೂವರೆ. ಪ್ರೋಗ್ರಾಮ್ ‘ಇವತ್ತು’ ಯಾವ ದಿನವೆಂದು ಸರ್ವರನ್ನೇ ಕೇಳಿದರೆ ಅದು ನಿನ್ನೆಯ ದಿನಾಂಕ ಹೇಳುತ್ತದೆ. ಎಲ್ಲ ಬಿಲ್ಲುಗಳಿಗೂ ಒಂದು ದಿನ ಹೆಚ್ಚು ಸಮಯವಿದ್ದಂತೆ ಲೆಕ್ಕ ಬರುತ್ತದೆ. ಮೇಲ್ ಸರಿಯಾಗಿಯೇ ಬರುತ್ತಿರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ, ಒಂದು ದಿನ ಮಾತ್ರ ತಪ್ಪಿರುತ್ತದೆ. ಮೇಲಿನಲ್ಲಿ ‘ಇನ್ನು 2 ದಿನ’ ಎಂದಷ್ಟೇ ಬರೆಯದೆ ‘ಬುಧವಾರ, ಜೂನ್ 4’ ಎಂದು ವಾರ ಮತ್ತು ತಾರೀಕು ಎರಡನ್ನೂ ಬರೆಯುವುದರ ಲಾಭ ಇಲ್ಲಿದೆ. ಮೇಲನ್ನು ಮಂಗಳವಾರ ತೆರೆದರೂ ಅದರ ಅರ್ಥ ಬದಲಾಗುವುದಿಲ್ಲ, ಮತ್ತು ಲೆಕ್ಕ ಜಾರಿದರೆ ಓದಿದವರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಬಾಕಿ ಏನೂ ಇಲ್ಲದ ದಿನ ಏನು ಮಾಡಬೇಕು ಎನ್ನುವುದರಲ್ಲಿ ಅನುಭವಸ್ಥರಲ್ಲೂ ಎರಡು ಅಭಿಪ್ರಾಯಗಳಿವೆ. ‘ಇಂದು ಬಾಕಿ ಇಲ್ಲ’ ಎಂದು ದಿನಾ ಮೇಲ್ ಕಳಿಸಿದರೆ ಓದದೆ ಬಿಡುವ ಅಭ್ಯಾಸ ಶುರುವಾಗುತ್ತದೆ. ಏನೂ ಕಳಿಸದಿದ್ದರೆ, ಪ್ರೋಗ್ರಾಮ್ ಕೆಟ್ಟು ನಿಂತ ದಿನಕ್ಕೂ ಬಾಕಿ ಇಲ್ಲದ ದಿನಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮ್ಯಾನೇಜರಿಗೆ ಕಳಿಸದಿರುವುದೇ ಮೇಲು. ಆದರೆ ಅದಕ್ಕೆ ಒಂದು ಷರತ್ತಿದೆ. ಕೆಲಸ ಮುಗಿದ ಮೇಲೆ ‘ಓಡಿದೆ, ಇಷ್ಟು ಜನರಿಗೆ ಕಳಿಸಿದೆ’ ಎಂಬ ಸುದ್ದಿಯನ್ನು ಪ್ರೋಗ್ರಾಮ್ ಬೇರೊಂದು ಕಾವಲು ವ್ಯವಸ್ಥೆಗೆ ಪ್ರತಿದಿನ ಮುಟ್ಟಿಸಬೇಕು, ಒಂಬತ್ತೂಕಾಲರೊಳಗೆ ಆ ಸುದ್ದಿ ಬರದಿದ್ದರೆ ಕಾವಲು ವ್ಯವಸ್ಥೆ ಐಟಿ ವಿಭಾಗದವರನ್ನು ಎಬ್ಬಿಸಬೇಕು. ಕೆಟ್ಟುಹೋದ ಪ್ರೋಗ್ರಾಮ್ ತಾನು ಕೆಟ್ಟಿದ್ದೇನೆಂದು ತಾನೇ ಹೇಳಲಾರದು. ಬರಬೇಕಾದ ಸುದ್ದಿ ಬರಲಿಲ್ಲ ಎಂದು ಗಮನಿಸುವ ಇನ್ನೊಬ್ಬರು ಬೇಕು.

ಮೇಲ್ ಬಾರದಿರುವುದಕ್ಕಿಂತ ಕೆಟ್ಟದ್ದು ಸುಳ್ಳು ಸೊನ್ನೆ. ರಾತ್ರಿ ಡೇಟಾಬೇಸಿನ ಪಾಸ್‌ವರ್ಡ್ ಬದಲಾಗಿರುತ್ತದೆ. ಪ್ರೋಗ್ರಾಮ್ ಬಿಲ್ಲುಗಳನ್ನು ಕೇಳಿದಾಗ ಉತ್ತರವೇ ಬರುವುದಿಲ್ಲ. ಉತ್ತರ ಬಾರದ್ದನ್ನು ಅದು ‘ಒಂದೂ ಬಿಲ್ಲಿಲ್ಲ’ ಎಂದು ಅರ್ಥ ಮಾಡಿಕೊಂಡು ಸುಮ್ಮನಾಗುತ್ತದೆ. ಕಾವಲು ವ್ಯವಸ್ಥೆಗೂ ‘ಓಡಿದೆ’ ಎಂದೇ ಹೇಳುತ್ತದೆ. ಇನ್ನೊಂದು ಬಗೆಯಲ್ಲೂ ಹೀಗಾಗುತ್ತದೆ: ಮುಖ್ಯ ಡೇಟಾಬೇಸಿಗೆ ಹೊರೆಯಾಗದಿರಲೆಂದು ಪ್ರೋಗ್ರಾಮ್ ಅದರ ನಕಲನ್ನು ಓದುತ್ತಿರುತ್ತದೆ, ಆ ನಕಲು ಮೂರು ದಿನದಿಂದ ಹೊಸದಾಗಿಯೇ ಇರುವುದಿಲ್ಲ. ನಿನ್ನೆ ಪಾಸ್ ಮಾಡಿದ ಬಿಲ್ಲನ್ನೇ ಇವತ್ತು ಮತ್ತೆ ಕೇಳಿದರೆ ಮ್ಯಾನೇಜರ್ ಆ ಮೇಲನ್ನು ಮತ್ತೆಂದೂ ನಂಬುವುದಿಲ್ಲ. ಆದ್ದರಿಂದ ಲೆಕ್ಕಕ್ಕೆ ಮೊದಲು ಎರಡು ಪರೀಕ್ಷೆ ಬೇಕು. ಉತ್ತರ ನಿಜವಾಗಿಯೂ ಬಂತೇ ಎಂಬುದು ಒಂದು, ಮಾಹಿತಿ ಎಷ್ಟು ಹೊತ್ತಿನದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ತಪ್ಪಿದರೂ ಮ್ಯಾನೇಜರಿಗೆ ಅಂಕಿ ಕಳಿಸದೆ ಐಟಿಯವರಿಗೆ ದೂರು ಹೋಗಬೇಕು. ಇಡೀ ಕಂಪನಿಯಲ್ಲಿ ಯಾರ ಬಳಿಯೂ ಒಂದೂ ಬಿಲ್ ಬಾಕಿ ಇಲ್ಲ ಎಂದು ಉತ್ತರ ಬಂದರೆ, ಅದನ್ನು ಸಂತೋಷದ ಸುದ್ದಿ ಎಂದು ತಿಳಿಯುವ ಮೊದಲು ಅನುಮಾನಿಸುವುದು ಒಳ್ಳೆಯದು.

ಒಂದೇ ಮೇಲ್ ಎರಡು ಸಲ ಬರುವುದೂ ಉಂಟು. ಹೊಸ ಸರ್ವರಿಗೆ ಪ್ರೋಗ್ರಾಮನ್ನು ಸಾಗಿಸಿ ಹಳೆಯದರಲ್ಲಿ ಅಳಿಸಲು ಮರೆತಿರುತ್ತಾರೆ, ಅಥವಾ ಅರ್ಧಕ್ಕೆ ನಿಂತದ್ದನ್ನು ಯಾರೋ ಕೈಯಾರೆ ಮತ್ತೆ ಓಡಿಸುತ್ತಾರೆ. ಇದಕ್ಕೆ ಮದ್ದು ಸರಳ. ಯಾರಿಗೆ, ಯಾವ ದಿನ ಎಂಬ ಜೋಡಿ ಒಂದೇ ಸಲ ಬರುವಂತೆ ಬಿಗಿಮಾಡಿದ ಒಂದು ಟೇಬಲ್ ಇಟ್ಟು, ಕಳಿಸುವ ಮೊದಲು ಅಲ್ಲಿ ಗುರುತು ಹಾಕಬೇಕು:

```
INSERT INTO digest_log (user_id, sent_on)
VALUES (:user_id, :today)
ON CONFLICT DO NOTHING;
```

ಹೊಸ ಸಾಲು ಸೇರಿದರೆ ಮಾತ್ರ ಮೇಲ್ ಕಳಿಸುವುದು; ಆಗಲೇ ಇದ್ದರೆ ಬಿಡುವುದು. ಗುರುತು ಹಾಕಿ ಕಳಿಸುವಷ್ಟರಲ್ಲಿ ವಿದ್ಯುತ್ ಹೋದರೆ ಒಬ್ಬರಿಗೆ ಅಂದಿನ ಮೇಲ್ ತಪ್ಪುತ್ತದೆ ನಿಜ. ಮರುದಿನ ಹೊಸದು ಬಂದೇ ಬರುವುದರಿಂದ ಇಲ್ಲಿ ಅದು ಸಹಿಸಬಹುದಾದ ನಷ್ಟ. ಹಣ ಕಳಿಸುವ ಪ್ರೋಗ್ರಾಮಿಗಾದರೆ ಈ ಸಲೀಸು ಸಾಲದು.

ಇಷ್ಟೆಲ್ಲ ಮಾಡಿದ ಮೇಲೆ ಮೇಲ್ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಎಷ್ಟು ಜನ ತೆರೆದರು ಎಂದು ಎಣಿಸುವುದು ಹಳೆಯ ಪದ್ಧತಿ. ಮೇಲಿನೊಳಗೆ ಕಣ್ಣಿಗೆ ಕಾಣದ ಒಂದು ಚಿತ್ರವಿಟ್ಟು, ಅದು ತೆರೆದುಕೊಂಡದ್ದನ್ನು ಲೆಕ್ಕ ಹಾಕುವುದು. 2021ರಿಂದ ಆಪಲ್‌ನ ಮೇಲ್ ಆ್ಯಪ್ ಖಾಸಗಿತನದ ರಕ್ಷಣೆಗೆಂದು ಇಂಥ ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುವುದರಿಂದ ಆ ಲೆಕ್ಕಕ್ಕೆ ಬೆಲೆ ಉಳಿದಿಲ್ಲ. ಕಾರ್ಖಾನೆಗೆ ಬೇಕಾದ ಲೆಕ್ಕ ಬೇರೆ: ತಿಂಗಳಲ್ಲಿ ಎಷ್ಟು ಬಿಲ್ಲುಗಳು ಗಡುವು ದಾಟಿದವು? ಅದರ ಜೊತೆಗೆ ಇನ್ನೊಂದನ್ನೂ ನೋಡಬೇಕು. ಕೆಲವರು ಒಂಬತ್ತೂ ಐದಕ್ಕೆ ಎಲ್ಲ ಬಿಲ್ಲುಗಳನ್ನೂ ಒಂದೇ ಉಸಿರಿಗೆ ಪಾಸ್ ಮಾಡಿ ಕೈತೊಳೆದುಕೊಳ್ಳತೊಡಗುತ್ತಾರೆ. ಬಾಕಿ ಇಳಿದಿರುತ್ತದೆ, ಪರಿಶೀಲನೆಯೂ ನಿಂತಿರುತ್ತದೆ. ಮೇಲಧಿಕಾರಿಗಳಿಗೂ ದಿನಾ ಪ್ರತಿ ಕಳಿಸಿದಾಗ ಇದು ಹೆಚ್ಚು, ಯಾಕೆಂದರೆ ಆಗ ಮ್ಯಾನೇಜರಿಗೆ ಬಿಲ್ಲಿಗಿಂತ ತಮ್ಮ ಹೆಸರು ಪಟ್ಟಿಯಲ್ಲಿರುವುದೇ ದೊಡ್ಡ ಚಿಂತೆಯಾಗುತ್ತದೆ. ಗಡುವಿಗೆ ಒಂದೇ ದಿನ ಉಳಿದಾಗ, ಆ ಒಂದು ಬಿಲ್ಲಿನ ಬಗ್ಗೆ ಮಾತ್ರ ಮೇಲಧಿಕಾರಿಗೆ ತಿಳಿಸಿದರೆ ಸಾಕು.

ಬೇರಿಂಗ್ ಹೌಸಿಂಗ್ ಬಿಲ್ಲಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಮಾಲು ಒಪ್ಪಿದ್ದು ಏಪ್ರಿಲ್ 22, ಬಿಲ್ಲು ಮ್ಯಾನೇಜರ್ ಬಳಿ ಬಂದದ್ದು ಮೇ 30. ನಲವತ್ತೈದರಲ್ಲಿ ಮೂವತ್ತೆಂಟು ದಿನ ಅದಕ್ಕೂ ಮೊದಲೇ ಕಳೆದುಹೋಗಿವೆ. ಮ್ಯಾನೇಜರ್ ಎಷ್ಟೇ ಚುರುಕಾದರೂ ಅವರ ಕೈಯಲ್ಲಿದ್ದದ್ದು ನಾಲ್ಕೈದು ದಿನ. ಹೀಗೆ ಕೊನೆಯ ಗಳಿಗೆಯಲ್ಲಿ ಬಂದ ಬಿಲ್ಲುಗಳನ್ನೆಲ್ಲ ತಿಂಗಳ ಕೊನೆಗೆ ಒಟ್ಟಿಗೆ ಇಟ್ಟು ನೋಡಿದರೆ ಅವು ಎಲ್ಲಿ ನಿಂತಿದ್ದವೆಂದು ತಿಳಿಯುತ್ತದೆ. ಜಿಆರ್‌ಎನ್‌ನಲ್ಲಿ ಎಣಿಕೆ ತಪ್ಪಿ ಸ್ಟೋರ್ಸ್‌ನಲ್ಲಿ ಉಳಿದದ್ದು, ಪರ್ಚೇಸ್ ಆರ್ಡರಿನ ದರಕ್ಕೂ ಬಿಲ್ಲಿನ ದರಕ್ಕೂ ತಾಳೆಯಾಗದೆ ಅಕೌಂಟ್ಸ್‌ನಲ್ಲಿ ನಿಂತದ್ದು. ಆ ಎರಡು ಕಡೆಗೂ ಅಂಥದ್ದೇ ಒಂದು ಬೆಳಗಿನ ಮೇಲ್ ಬೇಕು: ಸ್ಟೋರ್ಸ್‌ನವರಿಗೆ ಮಾಲು ಒಪ್ಪಿ ಮೂರು ದಿನವಾದರೂ ಜಿಆರ್‌ಎನ್ ಮುಗಿಯದವು, ಅಕೌಂಟ್ಸ್‌ನವರಿಗೆ ವಾರದಿಂದ ತಾಳೆಯಾಗದವು. ಅಲ್ಲಿಯೂ ಎಣಿಕೆ ಶುರುವಾಗಬೇಕಾದದ್ದು ಮಾಲು ಒಪ್ಪಿದ ದಿನದಿಂದ, ಬಿಲ್ಲು ಅವರ ಸರದಿಗೆ ಬಂದ ದಿನದಿಂದಲ್ಲ.